ಹೊಗೆ ಮುಸುಕಿದ ನಗರದಲ್ಲಿ ಎಎಚ್‌ಯು ಫಿಲ್ಟರ್: ಯಾವ ದರ್ಜೆ ಬೇಕು, ಯಾವಾಗ ಬದಲಿಸಬೇಕು, ಒಟ್ಟು ಖರ್ಚೆಷ್ಟು?

ಗಾಳಿ ಕೆಡುವ ದಿನಗಳು ಶುರುವಾದರೆ ದೊಡ್ಡ ಕಟ್ಟಡಗಳಲ್ಲಿ ಒಂದೇ ಜಗಳ. ಒಳಗೆ ಕೂತು ಕೆಲಸ ಮಾಡುವವರು ‘ಗಂಟಲು ಉರೀತಿದೆ, ಒಳ್ಳೆ ಫಿಲ್ಟರ್ ಹಾಕಿಸಿ’ ಅನ್ನುತ್ತಾರೆ. ಕಟ್ಟಡ ನೋಡಿಕೊಳ್ಳುವವರು ‘ಹಾಕಿದ್ರೆ ಕರೆಂಟ್ ಬಿಲ್ ಏರುತ್ತೆ, ಗಾಳಿ ಬೇರೆ ಕಮ್ಮಿ ಆಗುತ್ತೆ’ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಆದರೆ ಎಷ್ಟು ಏರುತ್ತದೆ, ಎಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಲೆಕ್ಕ ಅಷ್ಟೇನೂ ಕಷ್ಟವಿಲ್ಲ. ಒಂದು ಗುಣಾಕಾರ, ಒಂದು ವರ್ಗಮೂಲ, ಅಷ್ಟೇ.

## ಎಎಚ್‌ಯು ಒಳಗೆ ನಡೆಯುವುದೇನು?

ಎಎಚ್‌ಯು ಅಂದರೆ ಏರ್ ಹ್ಯಾಂಡ್ಲಿಂಗ್ ಯೂನಿಟ್. ಒಬ್ಬ ಮನುಷ್ಯ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ತಗಡಿನ ಪೆಟ್ಟಿಗೆ ಎಂದುಕೊಳ್ಳಿ. ಒಂದು ತುದಿಯಿಂದ ಹೊರಗಿನ ಗಾಳಿ ಬರುತ್ತದೆ. ಮೊದಲು ಫಿಲ್ಟರ್‌ಗಳ ಸಾಲು, ಆಮೇಲೆ ಗಾಳಿಯನ್ನು ತಂಪು ಅಥವಾ ಬಿಸಿ ಮಾಡುವ ಕಾಯಿಲ್, ಆಮೇಲೆ ಫ್ಯಾನ್. ಅಲ್ಲಿಂದ ಡಕ್ಟ್‌ಗಳ ಮೂಲಕ ಗಾಳಿ ಕೋಣೆಗಳಿಗೆ ಹೋಗುತ್ತದೆ.

ಫಿಲ್ಟರ್‌ಗಳು ಸಾಮಾನ್ಯವಾಗಿ 592 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚೌಕಟ್ಟಿನಲ್ಲಿ ಬರುತ್ತವೆ. ಚೀಲದಂಥವು ಇವೆ, ‘ವಿ’ ಆಕಾರದಲ್ಲಿ ಮಡಚಿದವೂ ಇವೆ. ಇಂಥ ಒಂದು ಚೌಕಟ್ಟಿನ ಮೂಲಕ ಗಂಟೆಗೆ 3400 ಘನ ಮೀಟರ್ ಗಾಳಿ ಹಾದುಹೋಗುವುದು ವಾಡಿಕೆಯ ಲೆಕ್ಕ. ಈ ಲೇಖನದಲ್ಲಿ ಇಂಥ ಒಂದೇ ಒಂದು ಚೌಕಟ್ಟನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ನಿಮ್ಮಲ್ಲಿ ಹತ್ತಿದ್ದರೆ ಹತ್ತರಿಂದ ಗುಣಿಸಿಕೊಳ್ಳಿ.

ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಂಡು ಉಸಿರಾಡಿ ನೋಡಿ. ಬಟ್ಟೆಯನ್ನು ಎರಡು ಮಡಿಕೆ ಮಾಡಿದರೆ ಎದೆ ಜಾಸ್ತಿ ಕೆಲಸ ಮಾಡಬೇಕು. ಬಟ್ಟೆ ಕೊಳೆಯಾದಷ್ಟೂ ಇನ್ನೂ ಕಷ್ಟ. ಫ್ಯಾನ್‌ನ ಪಾಡೂ ಇದೇ. ಫಿಲ್ಟರ್‌ನ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಪ್ರೆಶರ್ ಡ್ರಾಪ್ ಅನ್ನುತ್ತಾರೆ. ಇದನ್ನು ಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ನೂರು ಪಾಸ್ಕಲ್ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಆ ಒಂದು ಸೆಂಟಿಮೀಟರ್‌ನ ವಿರುದ್ಧ ಗಂಟೆಗೆ 3400 ಘನ ಮೀಟರ್ ಗಾಳಿಯನ್ನು ವರ್ಷಪೂರ್ತಿ ತಳ್ಳಬೇಕು. ಖರ್ಚು ಹುಟ್ಟುವುದು ಅಲ್ಲೇ.

## ದರ್ಜೆಯ ಹೆಸರುಗಳನ್ನು ಓದುವುದು

ಹಳಬರು ಈಗಲೂ ‘ಎಫ್7 ಹಾಕಿ’, ‘ಎಫ್9 ಹಾಕಿ’ ಅನ್ನುತ್ತಾರೆ. ಅದು ಇಎನ್ 779 ಎಂಬ ಹಳೆಯ ಯುರೋಪಿಯನ್ ಮಾನಕದ ಭಾಷೆ. ಅದರ ಜಾಗಕ್ಕೆ 2016ರಲ್ಲಿ ಐಎಸ್‌ಒ 16890 ಬಂತು. ಅಮೆರಿಕದ ಪದ್ಧತಿಯಲ್ಲಿ ‘ಮರ್ವ್’ ಎಂಬ ಸಂಖ್ಯೆ ಇದೆ. ನಾವಿಲ್ಲಿ ಐಎಸ್‌ಒ ಹೆಸರುಗಳನ್ನೇ ಹಿಡಿದು ಹೋಗೋಣ.

ಈ ಮಾನಕ ಫಿಲ್ಟರ್‌ಗಳನ್ನು ಕಣದ ಗಾತ್ರದ ಮೇಲೆ ನಾಲ್ಕು ಗುಂಪು ಮಾಡುತ್ತದೆ. ದಪ್ಪ ಕಸವನ್ನಷ್ಟೇ ತಡೆಯುವುದು ‘ಕೋರ್ಸ್’. ಅದರ ಮೇಲಿನವು ಇಪಿಎಂ10, ಇಪಿಎಂ2.5, ಇಪಿಎಂ1. ಇಪಿಎಂ1 ಅಂದರೆ 0.3ರಿಂದ 1 ಮೈಕ್ರಾನ್ ಗಾತ್ರದ ಕಣಗಳನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವಾಹನ, ಒಲೆ, ಉರಿಸಿದ ಕಸ ಇವುಗಳ ಹೊಗೆಯ ಬಹುಪಾಲು ಕಣಗಳು ಈ ಗಾತ್ರದವೇ ಅಥವಾ ಇದಕ್ಕಿಂತ ಚಿಕ್ಕವು. ‘ಇಪಿಎಂ1 80%’ ಎಂದು ಬರೆದಿದ್ದರೆ ಅಂಥ ಕಣಗಳಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತರಷ್ಟು ಸಿಕ್ಕಿಬೀಳುತ್ತವೆ.

ಇಲ್ಲಿ ಒಂದು ಹಳ್ಳ ಇದೆ. ಒಂದು ಫಿಲ್ಟರ್ ಯಾವ ಗುಂಪಿನ ಹೆಸರಿನಲ್ಲಿ ಮಾರಾಟವಾಗಬೇಕು ಎಂಬುದನ್ನು ತಯಾರಕರೇ ಆರಿಸಬಹುದು. ಆ ಗುಂಪಿನಲ್ಲಿ ಕನಿಷ್ಠ 50% ಬಂದಿದ್ದರೆ ಸಾಕು. ಹಾಗಾಗಿ ‘ಇಪಿಎಂ10 85%’ ಎಂಬುದು ‘ಇಪಿಎಂ1 50%’ಗಿಂತ ಮೇಲು ಎಂದು ಕಾಣಬಹುದು. ವಾಸ್ತವದಲ್ಲಿ ಎರಡೂ ಒಂದೇ ಮಟ್ಟದ ಫಿಲ್ಟರ್‌ಗಳಾಗಿರಬಹುದು. ಹೋಲಿಸುವಾಗ ಶೇಕಡಾ ಸಂಖ್ಯೆಗಿಂತ ಮೊದಲು ಗುಂಪು ಒಂದೇನಾ ನೋಡಿ.

ಎರಡನೆಯದು ಇದಕ್ಕಿಂತ ಆಳದ ಹಳ್ಳ. ಕೆಲವು ಸಿಂಥೆಟಿಕ್ ಫಿಲ್ಟರ್‌ಗಳ ಎಳೆಗಳಿಗೆ ತಯಾರಿಸುವಾಗಲೇ ಸ್ಥಿರ ವಿದ್ಯುತ್ ಕೊಟ್ಟಿರುತ್ತಾರೆ. ಬಾಚಣಿಗೆ ಕೂದಲಿಗೆ ಉಜ್ಜಿದಾಗ ಕಾಗದದ ಚೂರು ಎಳೆದುಕೊಳ್ಳುತ್ತದಲ್ಲ, ಅದೇ ಥರ ಆ ಎಳೆ ಕಣವನ್ನು ಎಳೆದುಕೊಳ್ಳುತ್ತದೆ. ಎಳೆಗಳನ್ನು ಒತ್ತೊತ್ತಾಗಿ ಹೆಣೆಯಬೇಕಿಲ್ಲ, ಆದ್ದರಿಂದ ಪ್ರೆಶರ್ ಡ್ರಾಪೂ ಕಡಿಮೆ. ಆದರೆ ಹೊಗೆಯ ಮಸಿ ಎಳೆಯ ಮೇಲೆ ಕೂತಂತೆ ಆ ಸೆಳೆತ ಸತ್ತುಹೋಗುತ್ತದೆ. ಅದಕ್ಕೇ ಐಎಸ್‌ಒ ಪರೀಕ್ಷೆಯಲ್ಲಿ ಫಿಲ್ಟರನ್ನು ಐಸೊಪ್ರೊಪನಾಲ್ ಆವಿಯಲ್ಲಿಟ್ಟು ಆ ವಿದ್ಯುತ್ತನ್ನು ತೆಗೆದು ಮತ್ತೊಮ್ಮೆ ಅಳೆಯುತ್ತಾರೆ. ಲೇಬಲ್ ಮೇಲೆ ಬರುವುದು ಎರಡರ ಸರಾಸರಿ.

ಒಂದು ಪರೀಕ್ಷಾ ವರದಿಯಲ್ಲಿ ಹೊಸದಾಗಿದ್ದಾಗ 84%, ವಿದ್ಯುತ್ ತೆಗೆದ ಮೇಲೆ 58% ಎಂದಿದೆ ಎಂದುಕೊಳ್ಳಿ. ಸರಾಸರಿ 71. ಹತ್ತಿರದ ಐದಕ್ಕೆ ಇಳಿಸಿ ‘ಇಪಿಎಂ1 70%’ ಎಂದು ಮುದ್ರಿಸುತ್ತಾರೆ. ಸುಳ್ಳೇನಲ್ಲ. ಆದರೆ ಮಸಿ ತುಂಬಿದ ಗಾಳಿಯಲ್ಲಿ ಆ ಫಿಲ್ಟರ್ ಬಹಳ ಬೇಗ 58ರ ಕಡೆಗೆ ಜಾರುತ್ತದೆ. ಕೆಟ್ಟ ಗಾಳಿಯ ನಗರಕ್ಕೆ ಫಿಲ್ಟರ್ ಕೊಳ್ಳುವವರು ಲೇಬಲ್ ಬಿಟ್ಟು ವರದಿ ಕೇಳಬೇಕು, ಅದರಲ್ಲೂ ಕಡಿಮೆ ಇರುವ ಸಂಖ್ಯೆಯನ್ನೇ ನಂಬಬೇಕು ಎಂದು ನನ್ನ ಅಭಿಪ್ರಾಯ.

## ಎಷ್ಟು ತಡೆಯಿತು ಅಂತಲ್ಲ, ಎಷ್ಟು ದಾಟಿತು ಅಂತ ನೋಡಿ

ದರ್ಜೆ ಆರಿಸುವಾಗ ಶುರು ಮಾಡಬೇಕಾದ್ದು ಫಿಲ್ಟರ್‌ನಿಂದ ಅಲ್ಲ, ಒಳಗೆ ಬೇಕಾದ ಗಾಳಿಯಿಂದ. ನಮ್ಮ ಉದಾಹರಣೆಯ ನಗರದಲ್ಲಿ ಪಿಎಂ2.5ರ, ಅಂದರೆ 2.5 ಮೈಕ್ರಾನ್‌ವರೆಗಿನ ಕಣಗಳ, ವರ್ಷದ ಸರಾಸರಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ, ಕೆಟ್ಟ ದಿನಗಳಲ್ಲಿ 300 ಎಂದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ವರ್ಷದ ಸರಾಸರಿಗೆ 5, ಒಂದು ದಿನದ ಸರಾಸರಿಗೆ 15.

ಇಪಿಎಂ1 50% ಫಿಲ್ಟರ್ ಒಂದನ್ನೇ ಹಾಕಿದರೆ 100ರಲ್ಲಿ ಸುಮಾರು 50 ಒಳಗೆ ಹೋಗುತ್ತದೆ. ದಪ್ಪ ಕಣಗಳು ಸ್ವಲ್ಪ ಜಾಸ್ತಿ ಸಿಗುವುದರಿಂದ ನಿಜವಾಗಿ ಇದಕ್ಕಿಂತ ಕಡಿಮೆ ಇರಬಹುದು, ಆದರೆ ಲೆಕ್ಕಕ್ಕೆ ಕಟ್ಟುನಿಟ್ಟಾಗಿರುವುದೇ ಒಳ್ಳೆಯದು. 80% ಹಾಕಿದರೆ 20. ಮೊದಲ ಸಾಲಿನಲ್ಲಿ ಇಪಿಎಂ2.5 50%, ಅದರ ಹಿಂದೆ ಇಪಿಎಂ1 80% ಹಾಕಿದರೆ 100 ಮೊದಲು 50 ಆಗುತ್ತದೆ, ಆ 50 ಮತ್ತೆ 10ಕ್ಕೆ ಇಳಿಯುತ್ತದೆ. 300ರ ದಿನ 30 ಉಳಿಯುತ್ತದೆ.

80 ಮತ್ತು 90ಕ್ಕೆ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿದ್ದಾರೆ. ತಡೆದದ್ದನ್ನು ನೋಡಿದರೆ ಹತ್ತು. ದಾಟಿದ್ದನ್ನು ನೋಡಿದರೆ 20 ಇದ್ದದ್ದು 10. ಅಂದರೆ ಶ್ವಾಸಕೋಶಕ್ಕೆ ಹೋಗುವುದು ಅರ್ಧಕ್ಕರ್ಧ ಕಡಿಮೆ.

ಎರಡು ಸಾಲುಗಳನ್ನು ಹೀಗೆ ಸುಮ್ನೆ ಗುಣಿಸುವುದರಲ್ಲಿ ಒಂದು ಸಣ್ಣ ಮೋಸವಿದೆ. ಮೊದಲ ಸಾಲು ಸುಲಭವಾಗಿ ಸಿಗುವ ಕಣಗಳನ್ನು ಹಿಡಿದುಬಿಡುತ್ತದೆ. ಎರಡನೆಯದಕ್ಕೆ ಉಳಿಯುವುದು ನುಣ್ಣನೆಯ, ಹಿಡಿಯಲು ಕಷ್ಟವಾದ ಕಣಗಳು. ಅದಕ್ಕೇ ಮೇಲೆ ಕಟ್ಟುನಿಟ್ಟಿನ ಸಂಖ್ಯೆ ತೆಗೆದುಕೊಂಡದ್ದು. ಇನ್ನೊಂದು ಮಾತು: ಇದು ಹೊರಗಿನ ಗಾಳಿಯನ್ನಷ್ಟೇ ಎಳೆಯುವ ಎಎಚ್‌ಯು ಲೆಕ್ಕ. ಒಳಗಿನ ಗಾಳಿಯೂ ವಾಪಸ್ ಬಂದು ಬೆರೆಯುವ ವ್ಯವಸ್ಥೆಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಫಿಲ್ಟರ್ ದಾಟುತ್ತದೆ, ಧೂಳಿನ ಹೊರೆಯೂ ಕಡಿಮೆ. ಅಲ್ಲಿ ದರ್ಜೆ ಸ್ವಲ್ಪ ಕೆಳಗಿದ್ದರೂ ನಡೆಯಬಹುದು. ಮತ್ತೆ, ಈ ಫಿಲ್ಟರ್‌ಗಳು ಕಣಗಳನ್ನಷ್ಟೇ ಹಿಡಿಯುತ್ತವೆ. ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಕ್ಕೆ ಇದ್ದಿಲಿನ ಫಿಲ್ಟರ್ ಬೇರೆಯೇ ಬೇಕು.

## ಒಂದು ವರ್ಷದಲ್ಲಿ ನಾಲ್ಕು ಕಿಲೋ ಧೂಳು

ಗಂಟೆಗೆ 3400 ಘನ ಮೀಟರ್, ವರ್ಷಕ್ಕೆ 6000 ಗಂಟೆ. ಒಟ್ಟು 2 ಕೋಟಿ ಘನ ಮೀಟರ್‌ಗೂ ಸ್ವಲ್ಪ ಜಾಸ್ತಿ. ನಮ್ಮ ನಗರದಲ್ಲಿ ಪಿಎಂ10 ಸರಾಸರಿ 200 ಮೈಕ್ರೋಗ್ರಾಂ ಎಂದುಕೊಂಡರೆ ಈ ಒಂದು ಚೌಕಟ್ಟಿನ ಮುಂದೆ ವರ್ಷಕ್ಕೆ ಬಂದು ನಿಲ್ಲುವ ಧೂಳು 4 ಕಿಲೋ. ಅದರಲ್ಲಿ ಅರ್ಧ, ಅಂದರೆ 2 ಕಿಲೋ, ಪಿಎಂ2.5. ಪಿಎಂ10 ಬರೀ 20 ಇರುವ ಶುಭ್ರವಾದ ಊರಿನಲ್ಲಿ ಇದೇ ಫಿಲ್ಟರ್ ಮುಂದೆ ಬರುವುದು 400 ಗ್ರಾಂ.

ಈ ಹತ್ತು ಪಟ್ಟು ವ್ಯತ್ಯಾಸವನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಉದಾಹರಣೆಗೆ ಯುರೋವೆಂಟ್ ಎಂಬ ಯುರೋಪಿನ ಸಂಘಟನೆ ಫಿಲ್ಟರ್‌ಗಳಿಗೆ ಎ, ಬಿ, ಸಿ ಎಂದು ಎನರ್ಜಿ ಲೇಬಲ್ ಕೊಡುವ ಪದ್ಧತಿ ಇಟ್ಟಿದೆ. ಅದರಲ್ಲಿ ಇಪಿಎಂ1 ಫಿಲ್ಟರ್‌ಗೆ 200 ಗ್ರಾಂ ಪರೀಕ್ಷಾ ಧೂಳು ತುಂಬಿಸಿ, 6000 ಗಂಟೆಗೆ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಎರಡು ಫಿಲ್ಟರ್‌ಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ಇದು ಸರಿಯಾದ ದಾರಿ. ಆದರೆ ಲೇಬಲ್‌ನಲ್ಲಿರುವ ಯೂನಿಟ್ ಸಂಖ್ಯೆಯನ್ನು ಹೊಗೆಯ ನಗರದ ಬಿಲ್ಲಿಗೆ ಹಾಗೇ ತಂದಿಟ್ಟರೆ ಆಗುವುದಿಲ್ಲ. ಪ್ರಯೋಗಾಲಯದ ಧೂಳು ನಗರದ ಮಸಿಗಿಂತ ದಪ್ಪ. ಅದೇ ತೂಕದ ಮಸಿ ಎಳೆಗಳ ನಡುವಿನ ಸಂದುಗಳನ್ನು ಇನ್ನೂ ಬೇಗ ಮುಚ್ಚುತ್ತದೆ.

ಮೊದಲ ಸಾಲಿನ ಆಯ್ಕೆಯೂ ಇಲ್ಲೇ ತೀರ್ಮಾನವಾಗುತ್ತದೆ. ಎಷ್ಟೋ ಕಡೆ ಮುಂದೆ ಒಂದು ತೆಳು ಕೋರ್ಸ್ ಫಿಲ್ಟರ್ ಇರುತ್ತದೆ, ತೊಳೆದು ಮತ್ತೆ ಹಾಕುವಂಥದ್ದು. ಅದು ಎಲೆ, ಹುಳ, ನಾರು ಹಿಡಿಯುತ್ತದೆ. ಮಸಿ ಮಾತ್ರ ಆರಾಮಾಗಿ ದಾಟಿಹೋಗಿ ಹಿಂದಿನ ದುಬಾರಿ ಫಿಲ್ಟರ್‌ನಲ್ಲಿ ಕೂರುತ್ತದೆ. ಹಿಂದಿನದನ್ನು ಕಾಪಾಡಬೇಕಾದರೆ ಮುಂದಿನದೂ ಸಣ್ಣ ಕಣವನ್ನು ಹಿಡಿಯುವಂತಿರಬೇಕು. ನಮ್ಮ ಉದಾಹರಣೆಯಲ್ಲಿ ಮುಂದೆ ಇಪಿಎಂ2.5 50% ಇಟ್ಟದ್ದು ಅದಕ್ಕೇ.

## ಒಂದು ಪಾಸ್ಕಲ್‌ನ ಬೆಲೆ

ಈಗ ಗುಣಾಕಾರ. ಫ್ಯಾನ್ ತಿನ್ನುವ ಕರೆಂಟಿನಲ್ಲಿ ಫಿಲ್ಟರ್‌ನ ಪಾಲು ಹೀಗೆ:

```
E = q × Δp × t / (η × 1000)
```

q ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಗಾಳಿ. ಗಂಟೆಗೆ 3400 ಅಂದರೆ ಸೆಕೆಂಡಿಗೆ 0.944. Δp ಸರಾಸರಿ ಪ್ರೆಶರ್ ಡ್ರಾಪ್, t ಗಂಟೆಗಳು. η ಎಂಬುದು ಫ್ಯಾನ್, ಮೋಟರ್, ಡ್ರೈವ್ ಎಲ್ಲ ಸೇರಿದ ದಕ್ಷತೆ. ಅದು 0.5 ಎಂದಿಟ್ಟುಕೊಳ್ಳೋಣ. ಅಂದರೆ ಮೀಟರಿನಲ್ಲಿ ಓಡಿದ ಎರಡು ಯೂನಿಟ್‌ನಲ್ಲಿ ಒಂದು ಮಾತ್ರ ಗಾಳಿಗೆ ಸೇರುತ್ತದೆ. ಉತ್ತರ ಯೂನಿಟ್‌ನಲ್ಲಿ, ಅಂದರೆ ಕಿಲೋವಾಟ್ ಗಂಟೆಯಲ್ಲಿ ಬರುತ್ತದೆ.

ಒಂದು ಪಾಸ್ಕಲ್‌ಗೆ ಲೆಕ್ಕ ಹಾಕಿದರೆ 6000 ಗಂಟೆಗೆ 11.3 ಯೂನಿಟ್. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. 110 ಪಾಸ್ಕಲ್‌ನ ಹೊಚ್ಚಹೊಸ ಫಿಲ್ಟರ್, ಒಂದು ಚೂರೂ ಕೊಳೆಯಾಗದಿದ್ದರೂ, ಸುಮ್ಮನೆ ನಿಂತಿದ್ದಕ್ಕೇ ವರ್ಷಕ್ಕೆ 1246 ಯೂನಿಟ್ ತೆಗೆದುಕೊಳ್ಳುತ್ತದೆ.

ಇದಕ್ಕೊಂದು ಷರತ್ತಿದೆ. ಫಿಲ್ಟರ್ ಕಟ್ಟಿಕೊಂಡಂತೆ ಫ್ಯಾನ್ ವೇಗ ಹೆಚ್ಚಿಸಿಕೊಂಡು ಗಾಳಿಯ ಪ್ರಮಾಣವನ್ನು ಹಾಗೇ ಕಾಯುವ ಡ್ರೈವ್ ಇದ್ದರೆ ಮಾತ್ರ ಈ ಲೆಕ್ಕ. ಒಂದೇ ವೇಗದ ಫ್ಯಾನ್ ಇದ್ದರೆ ಕಥೆ ಬೇರೆ. ಅಲ್ಲಿ ಫಿಲ್ಟರ್ ಕಟ್ಟಿದಷ್ಟೂ ಗಾಳಿ ಕಡಿಮೆಯಾಗುತ್ತದೆ. ಬಿಲ್ ಏರುವುದಿಲ್ಲ, ಎಷ್ಟೋ ಸಲ ಇಳಿಯುತ್ತದೆ! ಅದನ್ನು ನೋಡಿ ಉಳಿತಾಯವಾಯಿತು ಎಂದು ಖುಷಿಪಟ್ಟವರಿದ್ದಾರೆ. ಅಲ್ಲಿ ಉಳಿದದ್ದು ಕರೆಂಟ್ ಅಲ್ಲ, ಜನರಿಗೆ ಹೋಗಬೇಕಿದ್ದ ಗಾಳಿ.

## ಯಾವಾಗ ಬದಲಿಸಬೇಕು?

ಬೇಗ ಬದಲಿಸಿದರೆ ಫಿಲ್ಟರ್‌ಗೆ ದುಡ್ಡು. ತಡ ಮಾಡಿದರೆ ಕರೆಂಟಿಗೆ ದುಡ್ಡು. ನಡುವೆ ಎಲ್ಲೋ ಒಂದು ಕಡೆ ಒಟ್ಟು ಖರ್ಚು ಅತಿ ಕಡಿಮೆ ಇರುತ್ತದೆ. ಅದನ್ನು ಹುಡುಕಲು ಎರಡನ್ನೂ ಒಂದೇ ನಾಣ್ಯಕ್ಕೆ ತರಬೇಕು. ಫಿಲ್ಟರ್‌ನ ಬೆಲೆಯನ್ನು, ಬದಲಿಸುವ ಕೂಲಿಯನ್ನೂ ಹಳೆಯದನ್ನು ಸಾಗಿಸುವ ಖರ್ಚನ್ನೂ ಸೇರಿಸಿ, ನಿಮ್ಮ ಒಂದು ಯೂನಿಟ್ ಕರೆಂಟಿನ ದರದಿಂದ ಭಾಗಿಸಿ. ಬರುವುದು ‘ಯೂನಿಟ್‌ನಲ್ಲಿ ಫಿಲ್ಟರ್ ಬೆಲೆ’. ನಮ್ಮ ಎರಡನೇ ಸಾಲಿನ ಇಪಿಎಂ1 80% ಫಿಲ್ಟರ್‌ಗೆ ಅದು 600 ಯೂನಿಟ್ ಎಂದಿಟ್ಟುಕೊಳ್ಳೋಣ. ಹೊಸದಾಗಿದ್ದಾಗ 110 ಪಾಸ್ಕಲ್. ಆಮೇಲೆ ಪ್ರತಿ ಸಾವಿರ ಗಂಟೆಗೆ 40 ಪಾಸ್ಕಲ್ ಏರುತ್ತದೆ.

2000 ಗಂಟೆಗೊಮ್ಮೆ ಬದಲಿಸಿದರೆ ವರ್ಷಕ್ಕೆ ಮೂರು ಫಿಲ್ಟರ್, 1800 ಯೂನಿಟ್. ಕೊಳೆಯಿಂದ ಏರುವ ಒತ್ತಡದ ಸರಾಸರಿ 40 ಪಾಸ್ಕಲ್, ಅದಕ್ಕೆ 453 ಯೂನಿಟ್. ತಪ್ಪಿಸಲಾಗದ 1246 ಸೇರಿಸಿ ಒಟ್ಟು ಸುಮಾರು 3500.

4000 ಗಂಟೆಗೊಮ್ಮೆ ಬದಲಿಸಿದರೆ ಒಂದೂವರೆ ಫಿಲ್ಟರ್, 900 ಯೂನಿಟ್. ಕೊಳೆಯ ಸರಾಸರಿ 80 ಪಾಸ್ಕಲ್, 906 ಯೂನಿಟ್. ಒಟ್ಟು 3050.

6000 ಗಂಟೆ, ಅಂದರೆ ವರ್ಷಕ್ಕೊಂದೇ ಫಿಲ್ಟರ್ ಆದರೆ 600, ಕೊಳೆಗೆ 1360, ಒಟ್ಟು 3200. ‘450 ಪಾಸ್ಕಲ್ ಆಗೋವರೆಗೂ ಇರಲಿ’ ಎಂದು 8500 ಗಂಟೆ ಓಡಿಸಿದರೆ ವರ್ಷಕ್ಕೆ 3600. ಫಿಲ್ಟರ್ ಉಳಿಸಲು ಹೋಗಿ ಎಲ್ಲಕ್ಕಿಂತ ದುಬಾರಿಯಾಯಿತು.

4000 ಗಂಟೆಯ ಸಾಲನ್ನು ಮತ್ತೊಮ್ಮೆ ನೋಡಿ. ಫಿಲ್ಟರ್‌ಗೆ 900, ಕೊಳೆಗೆ 906. ಎರಡೂ ಸರಿಸಮ. ಇದು ಕಾಕತಾಳೀಯವಲ್ಲ. ಒತ್ತಡ ಒಂದೇ ಸಮನೆ ಏರುತ್ತಿದ್ದರೆ ಖರ್ಚು ಅತಿ ಕಡಿಮೆಯಾಗುವುದು ಯಾವಾಗಲೂ ಈ ಜಾಗದಲ್ಲೇ: ಕೂತ ಕೊಳೆ ತಿಂದ ಕರೆಂಟ್ ಫಿಲ್ಟರ್‌ನ ಬೆಲೆಗೆ ಸಮನಾದ ದಿನ. ಸೂತ್ರದಲ್ಲಿ ಹೇಳುವುದಾದರೆ:

```
T = √( 2C / (k × r) )
```

C ಯೂನಿಟ್‌ನಲ್ಲಿ ಫಿಲ್ಟರ್ ಬೆಲೆ, ಇಲ್ಲಿ 600. k ಅಂದರೆ ಒಂದು ಪಾಸ್ಕಲ್‌ಗೆ ಸಾವಿರ ಗಂಟೆಯಲ್ಲಿ ಎಷ್ಟು ಯೂನಿಟ್, ಇಲ್ಲಿ 1.89. r ಸಾವಿರ ಗಂಟೆಗೆ ಎಷ್ಟು ಪಾಸ್ಕಲ್ ಏರುತ್ತದೆ, ಇಲ್ಲಿ 40. ಉತ್ತರ 4, ಅಂದರೆ 4000 ಗಂಟೆ. ಆಗ ಮಾಪಕದಲ್ಲಿ ಕಾಣುವುದು 110 ಮತ್ತು 160 ಸೇರಿ 270 ಪಾಸ್ಕಲ್.

ಒಂದು ಸಮಾಧಾನದ ಸಂಗತಿ ಇದೆ. ಈ ತಗ್ಗು ಬಟ್ಟಲಿನ ತಳದಂತೆ ಅಗಲವಾಗಿದೆ. 3000 ಗಂಟೆಗೆ ಬದಲಿಸಿದರೂ 5000ಕ್ಕೆ ಬದಲಿಸಿದರೂ ಒಟ್ಟು ಖರ್ಚು ನೂರಕ್ಕೆ ಮೂರರಷ್ಟೂ ಏರುವುದಿಲ್ಲ. ದಿನಾಂಕ ಎರಡು ವಾರ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ತೀರಾ ಅಂಚಿಗೆ ಹೋದಾಗ.

ನಿಜವಾದ ಫಿಲ್ಟರ್‌ನ ಒತ್ತಡ ನೇರ ಗೆರೆಯಲ್ಲಿ ಏರುವುದಿಲ್ಲ. ಮೊದಲು ನಿಧಾನ, ಸಂದುಗಳು ಮುಚ್ಚುತ್ತಾ ಬಂದಂತೆ ಜೋರು. ಗೆರೆ ಹೀಗೆ ಮೇಲಕ್ಕೆ ಬಾಗಿದ್ದರೆ ಸಮ ಆಗುವವರೆಗೆ ಕಾಯದೆ ಸ್ವಲ್ಪ ಮುಂಚೆಯೇ ಬದಲಿಸಬೇಕು. ತೀರಾ ಬಾಗಿದ್ದರೆ ಕೊಳೆಯ ಖರ್ಚು ಫಿಲ್ಟರ್ ಬೆಲೆಯ ಅರ್ಧ ಮುಟ್ಟಿದಾಗಲೇ.

ಫ್ಯಾನ್‌ಗೂ ಒಂದು ಮಿತಿ ಇದೆ. ಎಎಚ್‌ಯು ವಿನ್ಯಾಸದ ಇಎನ್ 13053 ಮಾನಕದಲ್ಲಿ ಇಂಥ ಫಿಲ್ಟರ್‌ನ ಕೊನೆಯ ಒತ್ತಡವನ್ನು ಹೊಸದರ ಒತ್ತಡಕ್ಕೆ 100 ಸೇರಿಸಿ, ಅಥವಾ ಅದರ ಮೂರರಷ್ಟು, ಯಾವುದು ಕಡಿಮೆಯೋ ಅದನ್ನು ಹಿಡಿಯುತ್ತಾರೆ. ನಮ್ಮ ಫಿಲ್ಟರ್‌ಗೆ ಅದು 210. ಫ್ಯಾನನ್ನು ಅಷ್ಟಕ್ಕೇ ಆರಿಸಿದ್ದರೆ 270ರಲ್ಲಿ ಅದಕ್ಕೆ ಬೇಕಾದಷ್ಟು ಗಾಳಿ ತಳ್ಳಲು ಆಗದೇ ಹೋಗಬಹುದು. ಆಗ 2500 ಗಂಟೆಗೇ ಬದಲಿಸಬೇಕು, ವರ್ಷಕ್ಕೆ ಸುಮಾರು 200 ಯೂನಿಟ್ ಜಾಸ್ತಿ ಕೊಡಬೇಕು. ಹೊಸ ಎಎಚ್‌ಯು ತರುವವರು ಕೊಳ್ಳುವ ಮುಂಚೆಯೇ ಕೇಳಬೇಕಾದ ಪ್ರಶ್ನೆ ಇದು.

## ಅಗ್ಗದ ಫಿಲ್ಟರ್‌ನ ದುಬಾರಿ ಲೆಕ್ಕ

ಅದೇ ಇಪಿಎಂ1 80%, ಅದೇ ಚೌಕಟ್ಟು, ಬೆಲೆ ಮಾತ್ರ 600ರ ಬದಲು 400 ಯೂನಿಟ್. ಎಲ್ಲಿ ಉಳಿಸಿದರು? ಹೆಚ್ಚಿನ ಸಲ ಒಳಗಿನ ಬಟ್ಟೆಯಲ್ಲಿ. ಚೀಲಗಳ ಸಂಖ್ಯೆ ಕಡಿಮೆ ಮಾಡಿರುತ್ತಾರೆ, ಅಥವಾ ಉದ್ದ ಕಡಿಮೆ ಮಾಡಿರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಬಟ್ಟೆ ನೂರಕ್ಕೆ ಮೂವತ್ತು ಕಡಿಮೆಯಾದರೆ ಏನಾಗುತ್ತದೆ ನೋಡಿ. ಅದೇ ಗಾಳಿ ಚಿಕ್ಕ ಜಾಗದಲ್ಲಿ ನುಗ್ಗಬೇಕು, ಆದ್ದರಿಂದ ವೇಗ ಹೆಚ್ಚು. ಅದೇ ಧೂಳು ಚಿಕ್ಕ ಜಾಗದಲ್ಲಿ ಕೂರಬೇಕು, ಆದ್ದರಿಂದ ಪದರ ದಪ್ಪ. ಎರಡೂ ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ಹಾಗಾಗಿ ಕೊಳೆಯ ಒತ್ತಡ ಏರುವ ವೇಗ ಒಂದೂವರೆ ಪಟ್ಟಲ್ಲ, ಸುಮಾರು ಎರಡು ಪಟ್ಟಾಗುತ್ತದೆ. 40ರ ಬದಲು 80 ಎನ್ನೋಣ. ಹೊಸದರ ಒತ್ತಡ 110ರ ಬದಲು 145.

ಸೂತ್ರಕ್ಕೆ ಹಾಕಿದರೆ ಬದಲಿಸುವ ಸಮಯ 2300 ಗಂಟೆ. ವರ್ಷಕ್ಕೆ ಫಿಲ್ಟರ್‌ಗೆ 1043, ಕೊಳೆಗೆ 1042, ಹೊಸದರ ಒತ್ತಡಕ್ಕೆ 1643. ಒಟ್ಟು 3728 ಯೂನಿಟ್. ದುಬಾರಿ ಫಿಲ್ಟರ್‌ನದು 3052 ಇತ್ತು. ಒಂದೇ ಚೌಕಟ್ಟಿಗೆ ವರ್ಷಕ್ಕೆ 676 ಯೂನಿಟ್ ನಷ್ಟ. ಅಷ್ಟರಲ್ಲಿ ಇನ್ನೊಂದು ದುಬಾರಿ ಫಿಲ್ಟರೇ ಬರುತ್ತಿತ್ತು! ಶುಭ್ರವಾದ ಊರಿನಲ್ಲಿ ಕೊಳೆಯ ಪಾಲು ಕಡಿಮೆ ಇರುವುದರಿಂದ ಈ ಅಂತರವೂ ಕಡಿಮೆ. ಹೊಗೆಯ ನಗರದಲ್ಲಿ ಬಟ್ಟೆಯ ವಿಸ್ತೀರ್ಣ ಕೇಳದೆ ಫಿಲ್ಟರ್ ಕೊಳ್ಳುವುದು ಮೈಲೇಜ್ ಕೇಳದೆ ಬಾಡಿಗೆ ಗಾಡಿ ಕೊಂಡಂತೆ.

ಕರೆಂಟ್ ಉಳಿಸಬೇಕೆಂದರೆ 80%ರ ಜಾಗಕ್ಕೆ 50% ತರುವುದೊಂದೇ ದಾರಿ ಎಂದು ತುಂಬ ಜನ ಅಂದುಕೊಂಡಿದ್ದಾರೆ. ದರ್ಜೆ ಇಳಿಸದೆ ಬಟ್ಟೆ ಹೆಚ್ಚಿಸಿದರೂ ಉಳಿಯುತ್ತದೆ ಎಂಬುದಕ್ಕೆ ಮೇಲಿನದೇ ಲೆಕ್ಕ.

## ಮಾಪಕ ಹೇಳುವುದು, ಮುಚ್ಚಿಡುವುದು

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದ ಮುಖ್ಯ ಸಂಖ್ಯೆ r, ಒತ್ತಡ ಏರುವ ವೇಗ. ಅದು ಯಾವ ಕ್ಯಾಟಲಾಗ್‌ನಲ್ಲೂ ಸಿಗುವುದಿಲ್ಲ. ನಿಮ್ಮ ಕಟ್ಟಡದಲ್ಲೇ, ನಿಮ್ಮ ಗಾಳಿಯಲ್ಲೇ ಅಳೆಯಬೇಕು. ಫಿಲ್ಟರ್‌ನ ಹಿಂದೆ ಮುಂದೆ ಒಂದೊಂದು ಸಣ್ಣ ಟ್ಯೂಬ್ ಹಾಕಿ ಮುಳ್ಳಿನ ಮಾಪಕಕ್ಕೆ ಜೋಡಿಸಿರುತ್ತಾರೆ. ವಾರಕ್ಕೊಮ್ಮೆ ಓದಿ ಬರೆದಿಟ್ಟರೆ ಎರಡು ತಿಂಗಳಲ್ಲಿ r ಗೊತ್ತಾಗುತ್ತದೆ. ಪ್ರತಿ ಸಾಲಿಗೂ ಬೇರೆ ಮಾಪಕ ಬೇಕು. ಎರಡಕ್ಕೂ ಸೇರಿ ಒಂದೇ ಇದ್ದರೆ ಯಾವುದು ಕಟ್ಟಿಕೊಂಡಿದೆ ಎಂದು ತಿಳಿಯುವುದಿಲ್ಲ.

ಓದುವಾಗ ಫ್ಯಾನ್ ವೇಗ ಪ್ರತಿ ಸಲವೂ ಒಂದೇ ಇರಬೇಕು. ಅರ್ಧ ವೇಗದಲ್ಲಿ ಓದಿದರೆ ಒತ್ತಡ ಅರ್ಧವೋ ಅದಕ್ಕಿಂತ ಕಡಿಮೆಯೋ ಕಾಣುತ್ತದೆ, ಫಿಲ್ಟರ್ ಚೆನ್ನಾಗಿದೆ ಅನ್ನಿಸುತ್ತದೆ. ಮಂಜು ಕವಿದ ಬೆಳಗ್ಗೆ ಓದಿದರೆ ಉಲ್ಟಾ. ಫಿಲ್ಟರ್ ಮೇಲಿನ ಕೊಳೆಯಲ್ಲಿ ಸಲ್ಫೇಟ್, ನೈಟ್ರೇಟ್‌ನಂಥ ನೀರು ಹೀರುವ ಲವಣಗಳಿರುತ್ತವೆ. ಅವು ಉಬ್ಬಿ ಒತ್ತಡ ಒಮ್ಮೆಲೇ ಮೇಲೆ ಹೋಗುತ್ತದೆ, ಬಿಸಿಲೇರಿದ ಮೇಲೆ ಇಳಿಯುತ್ತದೆ. ಒಂದು ದಿನದ ಓದು ನೋಡಿ ಫಿಲ್ಟರ್ ಕಿತ್ತುಹಾಕಬಾರದು.

ಇದ್ದಕ್ಕಿದ್ದಂತೆ ಒತ್ತಡ ಕಡಿಮೆಯಾದರೂ ಸಂತೋಷಪಡುವ ಹಾಗಿಲ್ಲ. ಚೀಲ ಹರಿದಿರಬಹುದು. ಅಥವಾ ಚೌಕಟ್ಟಿನ ಅಂಚಿನ ರಬ್ಬರ್ ಸರಿದು ಸಂದಿ ಬಿದ್ದಿರಬಹುದು. ಎರಡು ಸಾಲು ಸೇರಿ 90% ಹಿಡಿಯುತ್ತಿದ್ದರೆ ಹೊರಗಿನ 100ರಲ್ಲಿ 10 ದಾಟುತ್ತಿತ್ತು. ಗಾಳಿಯಲ್ಲಿ ನೂರಕ್ಕೆ ಐದು ಪಾಲು ಎರಡೂ ಸಾಲಿನ ಅಂಚಿನ ಸಂದಿಯಲ್ಲಿ ನುಸುಳಿದರೂ ಅದು ಹದಿನಾಲ್ಕೂವರೆ ಆಗುತ್ತದೆ. ಅಲ್ಲಿಗೆ 80ರಿಂದ 90ಕ್ಕೆ ಏರಿದ ಲಾಭದಲ್ಲಿ ಅರ್ಧದಷ್ಟು ಹೋಯಿತು. ಫಿಲ್ಟರ್ ತೆಗೆದಾಗ ಅದರ ಹಿಂದಿನ, ಶುಭ್ರವಾಗಿರಬೇಕಾದ ಬದಿಯ ತಗಡಿನ ಮೇಲೆ ಟಾರ್ಚ್ ಬಿಟ್ಟು ನೋಡಿ. ಅಂಚಿನಿಂದ ಶುರುವಾಗಿ ಬೀಸಣಿಗೆಯಂತೆ ಹರಡಿದ ಕಪ್ಪು ಗೀರು ಕಂಡರೆ ಗಾಳಿ ನುಸುಳುತ್ತಿರುವ ಜಾಗ ಅದೇ.

ಒಂದು ಕಟ್ಟಡದ ಎಎಚ್‌ಯು ರೂಮಿಗೆ ನಾನೊಮ್ಮೆ ಹೋಗಿದ್ದೆ. ಗೋಡೆಗೆ ನೇತುಹಾಕಿದ ದಾಖಲೆ ಪುಸ್ತಕದಲ್ಲಿ ನಾಲ್ಕು ತಿಂಗಳು ಪ್ರತಿ ವಾರ ‘0’ ಎಂದು ಬರೆದಿತ್ತು, ಪಕ್ಕದಲ್ಲಿ ‘ಸರಿ ಇದೆ’ ಎಂದೂ ಇತ್ತು. ಬಾಗಿಲು ತೆರೆದರೆ ಫಿಲ್ಟರ್ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಮಾಪಕದ ಮುಳ್ಳು ಸೊನ್ನೆ ಬಿಟ್ಟು ಕದಲುತ್ತಿರಲಿಲ್ಲ. ಹಿಂದೆ ಕೈ ಹಾಕಿ ನೋಡಿದರೆ ಒಂದು ಟ್ಯೂಬ್ ಕಳಚಿ ಕೆಳಗೆ ಜೋತಾಡುತ್ತಿತ್ತು, ಇನ್ನೊಂದು ಮಡಚಿ ಹೋಗಿತ್ತು. ಓಡುತ್ತಿರುವ ಫ್ಯಾನ್, ಒಳಗೆ ಫಿಲ್ಟರ್, ಹೊರಗೆ ಸೊನ್ನೆ. ಇವು ಮೂರೂ ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ಎರಡು ಟ್ಯೂಬನ್ನೂ ಸರಿಯಾಗಿ ಸಿಕ್ಕಿಸಿದ ಕೂಡಲೇ ಮುಳ್ಳು 380ಕ್ಕೆ ಹೋಗಿ ನಿಂತಿತು.